ಒಂದು ಬ್ಯಾಟರಿ ಉಳಿಸಿ, ಇನ್ನೊಂದನ್ನು ಕಳಚಿ

ಎಂಜಿನಿಯರಿಂಗ್ ಮೊದಲ ವರ್ಷದ ಎಲೆಕ್ಟ್ರಿಕಲ್ ಪತ್ರಿಕೆಯಲ್ಲಿ ಸೂಪರ್‌ಪೊಸಿಷನ್ ಎಂದರೆ ಹುಡುಗರಿಗೆ ಅಷ್ಟೇನೂ ಭಯವಿಲ್ಲ. ನಿಯಮ ಒಂದೆರಡು ಸಾಲಿನದು. ಸರ್ಕ್ಯೂಟಿನಲ್ಲಿ ಹಲವು ಸೋರ್ಸ್‌ಗಳಿದ್ದರೆ ಒಮ್ಮೆಗೆ ಒಂದನ್ನು ಮಾತ್ರ ಉಳಿಸಿಕೊಂಡು ಕರೆಂಟ್ ಲೆಕ್ಕ ಹಾಕಿ, ಕೊನೆಗೆ ಎಲ್ಲವನ್ನೂ ಕೂಡಿಸಿ, ಮುಗಿಯಿತು. ಓದಿದ ಕೂಡಲೇ ತಿಳಿಯುತ್ತದೆ, ಪರೀಕ್ಷೆಯಲ್ಲಿ ಅಂಕ ಹೋಗುವುದೂ ಇಲ್ಲಿಯೇ. ಅಭ್ಯಾಸಕ್ಕೆಂದು ಕೊಡುವ ಲೆಕ್ಕಗಳಲ್ಲಿ ಮೂರು ರೆಸಿಸ್ಟರ್ ಇದ್ದದ್ದು ಆರಾಗುತ್ತದೆ, ಆರು ಹತ್ತಾಗುತ್ತದೆ. ಅದರಿಂದ ಗುಣಾಕಾರ ಭಾಗಾಕಾರದ ಶ್ರಮ ಹೆಚ್ಚುತ್ತದೆಯೇ ಹೊರತು ಹೊಸದೇನೂ ತಿಳಿಯುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಕೊಡುವುದೆಂದರೆ ಪ್ರತಿ ಲೆಕ್ಕದಲ್ಲೂ ಹೊಸ ತೊಡಕು ಒಂದೇ ಇರಬೇಕು, ಅದರಲ್ಲಿ ಎಡವಿದರೆ ಎಡವಿದ್ದು ವಿದ್ಯಾರ್ಥಿಗೇ ಗೊತ್ತಾಗಬೇಕು. ಹಾಗೆ ಜೋಡಿಸಿದ ಕೆಲವು ಲೆಕ್ಕಗಳು ಇಲ್ಲಿವೆ. ಪೆನ್ಸಿಲ್ ಕಾಗದ ಹಿಡಿದು ಕೂತರೆ ಪಿಯುಸಿ ಮುಗಿಸಿದ ಯಾರಾದರೂ ಮಾಡಬಹುದು.

ಮೊದಲ ಲೆಕ್ಕ. ಕಾಗದದ ಮೇಲೊಂದು ಚುಕ್ಕೆ ಇಟ್ಟು ಅದನ್ನು ನೋಡ್ A ಎನ್ನಿ. ಕೆಳಗೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ, ಅದು ಗ್ರೌಂಡ್. A ಯಿಂದ ಗ್ರೌಂಡಿಗೆ ಮೂರು ಕವಲುಗಳು ಇಳಿಯುತ್ತವೆ. ಎಡ ಕವಲಿನಲ್ಲಿ 6 ಓಮ್ ರೆಸಿಸ್ಟರ್, ಅದರ ಕೆಳಗೆ 12 ವೋಲ್ಟ್ ಬ್ಯಾಟರಿ. ಬಲ ಕವಲಿನಲ್ಲಿ 3 ಓಮ್ ಮತ್ತು 6 ವೋಲ್ಟ್ ಬ್ಯಾಟರಿ. ಎರಡೂ ಬ್ಯಾಟರಿಗಳ ಪಾಸಿಟಿವ್ ತುದಿ ಮೇಲಕ್ಕಿದೆ. ನಡುವಿನ ಕವಲಿನಲ್ಲಿರುವುದು 6 ಓಮ್‌ನ ಲೋಡ್ ಮಾತ್ರ. ಲೋಡಿನಲ್ಲಿ ಹರಿಯುವ ಕರೆಂಟ್ ಎಷ್ಟು?

12 ವೋಲ್ಟ್ ಬ್ಯಾಟರಿಯನ್ನು ಉಳಿಸಿಕೊಂಡು 6 ವೋಲ್ಟಿನದನ್ನು ತೆಗೆಯಿರಿ, ಅದಿದ್ದ ಜಾಗಕ್ಕೆ ಬರಿಯ ತಂತಿ ಹಾಕಿ. ಲ್ಯಾಬಿನಲ್ಲಿ ಇದನ್ನು ಅಕ್ಷರಶಃ ಹೀಗೆಯೇ ಮಾಡಬೇಕು. ಬ್ಯಾಟರಿಯನ್ನು ಕಳಚಿ ಪಕ್ಕಕ್ಕಿಟ್ಟ ಮೇಲೆಯೇ ತಂತಿ. ‘ಶಾರ್ಟ್ ಮಾಡಿ’ ಎಂದು ಪುಸ್ತಕದಲ್ಲಿದೆಯೆಂದು ಬ್ಯಾಟರಿ ಇರುವಾಗಲೇ ಅದರ ಎರಡು ತುದಿಗೆ ತಂತಿ ಕಟ್ಟಿದರೆ ತಂತಿ ಕಾಯುತ್ತದೆ, ಬ್ಯಾಟರಿ ಹಾಳಾಗುತ್ತದೆ. ಈಗ 3 ಓಮ್ ಮತ್ತು ಲೋಡಿನ 6 ಓಮ್ ಸಮಾಂತರವಾದವು, ಸೇರಿ 2 ಓಮ್. ಅದಕ್ಕೆ ಎಡಗಡೆಯ 6 ಸೇರಿದರೆ 8 ಓಮ್. ಬ್ಯಾಟರಿಯಿಂದ ಹೊರಡುವುದು 1.5 ಆಂಪಿಯರ್. A ಯಲ್ಲಿ 3 ವೋಲ್ಟ್, ಲೋಡಿನಲ್ಲಿ ಕೆಳಮುಖವಾಗಿ 0.5 ಆಂಪಿಯರ್.

ಈಗ ಅದಲು ಬದಲು. 6 ವೋಲ್ಟಿನದು ಇರಲಿ, 12 ವೋಲ್ಟಿನ ಜಾಗಕ್ಕೆ ತಂತಿ ಬರಲಿ. ಎಡಗಡೆಯ 6 ಮತ್ತು ಲೋಡಿನ 6 ಸಮಾಂತರವಾಗಿ 3 ಓಮ್, ಬಲಗಡೆಯ 3 ಸೇರಿ 6 ಓಮ್. ಬ್ಯಾಟರಿಯಿಂದ ಹೊರಡುವುದು 1 ಆಂಪಿಯರ್. A ಯಲ್ಲಿ ಮತ್ತೆ 3 ವೋಲ್ಟ್, ಲೋಡಿನಲ್ಲಿ ಮತ್ತೆ 0.5 ಆಂಪಿಯರ್, ಅದೂ ಕೆಳಮುಖವಾಗಿಯೇ. ಎರಡನ್ನೂ ಕೂಡಿಸಿದರೆ ಉತ್ತರ 1 ಆಂಪಿಯರ್, A ಯಲ್ಲಿ 6 ವೋಲ್ಟ್.

ಇಷ್ಟಕ್ಕೇ ಉತ್ತರದ ಕೆಳಗೆ ಎರಡು ಗೆರೆ ಎಳೆಯಬಾರದು. ತೆಗೆದ ಬ್ಯಾಟರಿಗಳನ್ನೆಲ್ಲ ಮರಳಿ ಇಟ್ಟು ನೋಡ್ A ಯಲ್ಲಿ ಒಳಬರುವುದು ಹೊರಹೋಗುವುದು ತಾಳೆಯಾಗುತ್ತದೆಯೇ ನೋಡಬೇಕು. ಎಡದಿಂದ ಬರುವುದು 12 ರಲ್ಲಿ 6 ಕಳೆದು 6 ರಿಂದ ಭಾಗಿಸಿದ 1 ಆಂಪಿಯರ್. ಬಲದಿಂದ ಬರುವುದು ಸೊನ್ನೆ, ಏಕೆಂದರೆ 3 ಓಮ್‌ನ ಎರಡು ತುದಿಗೂ 6 ವೋಲ್ಟ್ ಇದೆ. ಲೋಡಿಗೆ ಹೋಗುವುದು 1 ಆಂಪಿಯರ್. ತಾಳೆಯಾಯಿತು.

ಬಲಗಡೆಯ ಆ ಸೊನ್ನೆಯನ್ನು ಸುಮ್ಮನೆ ಬಿಡುವಂತಿಲ್ಲ. 12 ವೋಲ್ಟ್ ಒಂದೇ ಇದ್ದಾಗ ಬಲ ಕವಲಿನಲ್ಲಿ 1 ಆಂಪಿಯರ್ ಕೆಳಕ್ಕೆ ಹರಿಯುತ್ತಿತ್ತು. 6 ವೋಲ್ಟ್ ಒಂದೇ ಇದ್ದಾಗ ಅಲ್ಲೇ 1 ಆಂಪಿಯರ್ ಮೇಲಕ್ಕೆ ಹರಿಯುತ್ತಿತ್ತು. ದಿಕ್ಕು ನೋಡದೆ ಕೂಡಿಸಿದವರಿಗೆ 2 ಬರುತ್ತದೆ, ನೋಡಿ ಕೂಡಿಸಿದವರಿಗೆ ಸೊನ್ನೆ. ಹಾಗಾಗಿ ಲೆಕ್ಕ ಶುರುಮಾಡುವ ಮೊದಲೇ ಪ್ರತಿ ಕವಲಿಗೂ ಒಂದು ಬಾಣ ಬರೆದುಕೊಂಡು, ಆ ಬಾಣವನ್ನು ಕೊನೆಯವರೆಗೂ ಬದಲಿಸದೆ ಇಟ್ಟುಕೊಳ್ಳಬೇಕು. ಬಾಣಕ್ಕೆ ಎದುರಾದದ್ದು ಮೈನಸ್.

ಹೀಗೆ ಬಿಡಿಬಿಡಿಯಾಗಿ ಮಾಡಿ ಕೂಡಿಸಿದರೆ ಸರಿ ಉತ್ತರ ಬರುವುದಾದರೂ ಏಕೆ? A ಯ ವೋಲ್ಟೇಜನ್ನು V ಎಂದಿಟ್ಟು ನೋಡಿನ ಸಮೀಕರಣ ಬರೆದರೆ ಕಾರಣ ಕಣ್ಣಿಗೇ ಕಾಣುತ್ತದೆ:

V × (1/6 + 1/3 + 1/6) = 12/6 + 6/3

ಬಲಗಡೆಯಲ್ಲಿ ಒಂದೊಂದು ಬ್ಯಾಟರಿಗೆ ಒಂದೊಂದು ಪದವಿದೆ, ಒಂದು ಇನ್ನೊಂದನ್ನು ಮುಟ್ಟಿಲ್ಲ. ಮೊದಲನೆಯದು 2, ಎರಡನೆಯದೂ 2. ಎಡಗಡೆಯ ಮೊತ್ತ 2/3. ಭಾಗಿಸಿದರೆ 3 ಮತ್ತು 3, ಒಟ್ಟು 6. ಸಮೀಕರಣದಲ್ಲಿ V ಯ ವರ್ಗವಾಗಲಿ ಘನವಾಗಲಿ ಇಲ್ಲದಿರುವುದರಿಂದಲೇ ಈ ವಿಂಗಡಣೆ ಸಾಧ್ಯ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ಇದನ್ನು ವಿದ್ಯುತ್ ಜಾಲಗಳಿಗೆ ಅನ್ವಯಿಸಿ ಬರೆದಿದ್ದರು. ಆ ಹೊತ್ತಿಗೆ ಓಮ್ ನಿಯಮಕ್ಕೆ ಕಾಲು ಶತಮಾನ ವಯಸ್ಸು.

ಇದೇ ಸರ್ಕ್ಯೂಟಿನಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕು, ಹೆಚ್ಚು ಜನ ಬೀಳುವುದು ಇಲ್ಲಿ. ಲೋಡಿನಲ್ಲಿ ಖರ್ಚಾಗುವ ಪವರ್ ಎಷ್ಟು? ಕರೆಂಟಿನ ವರ್ಗವನ್ನು ರೆಸಿಸ್ಟೆನ್ಸಿನಿಂದ ಗುಣಿಸಬೇಕು. ಒಂದೊಂದು ಬ್ಯಾಟರಿಗೂ 0.5 ರ ವರ್ಗ ಗುಣಿಸು 6, ಅಂದರೆ 1.5 ವ್ಯಾಟ್. ಕೂಡಿಸಿದರೆ 3 ವ್ಯಾಟ್. ನಿಜವಾಗಿ ಹರಿಯುತ್ತಿರುವುದು 1 ಆಂಪಿಯರ್, ಪವರ್ 6 ವ್ಯಾಟ್. ಉತ್ತರ ಅರ್ಧಕ್ಕರ್ಧ ತಪ್ಪಿತು. ಬಲಗಡೆಯ 3 ಓಮ್ ನೋಡಿದರೆ ಇನ್ನೂ ವಿಚಿತ್ರ. ಬಿಡಿಬಿಡಿಯಾಗಿ 3 ವ್ಯಾಟ್, 3 ವ್ಯಾಟ್, ಕೂಡಿಸಿದರೆ 6. ನಿಜದಲ್ಲಿ ಅಲ್ಲಿ ಕರೆಂಟೇ ಇಲ್ಲ, ಪವರ್ ಸೊನ್ನೆ. ಕರೆಂಟನ್ನು ಕೂಡಿಸಬಹುದು, ವೋಲ್ಟೇಜನ್ನು ಕೂಡಿಸಬಹುದು. ಪವರ್‌ನಲ್ಲಿ ವರ್ಗ ಬಂದುಬಿಡುವುದರಿಂದ ಅದನ್ನು ಕೊನೆಗೆ ಒಟ್ಟು ಕರೆಂಟಿನಿಂದಲೇ ಲೆಕ್ಕ ಹಾಕಬೇಕು. ಅಂದಹಾಗೆ, ಲ್ಯಾಬಿನ ಕಾಲು ವ್ಯಾಟಿನ ಪುಟಾಣಿ ರೆಸಿಸ್ಟರಿಗೆ 6 ವ್ಯಾಟ್ ಕೊಟ್ಟರೆ ಸುಟ್ಟ ವಾಸನೆ ಬರುತ್ತದೆ. ಕಟ್ಟಿ ನೋಡುವ ಆಸೆಯಿದ್ದರೆ ಓಮ್ ಇರುವಲ್ಲೆಲ್ಲ ಕಿಲೋಓಮ್ ಬಳಸಿ. ಅಂಕಿಗಳು ಅವೇ ಇರುತ್ತವೆ, ಕರೆಂಟ್ ಮಾತ್ರ ಮಿಲಿಆಂಪಿಯರ್ ಆಗುತ್ತದೆ.

ಎರಡನೆಯ ಲೆಕ್ಕದಲ್ಲಿ ಬದಲಾಗುವುದು ಒಂದೇ ಸಂಗತಿ. 6 ವೋಲ್ಟ್ ಬ್ಯಾಟರಿಯ ಜಾಗಕ್ಕೆ A ಕಡೆಗೆ 1 ಆಂಪಿಯರ್ ತಳ್ಳುವ ಕರೆಂಟ್ ಸೋರ್ಸ್ ಬಂದಿದೆ. ಉಳಿದದ್ದೆಲ್ಲ ಹಾಗೆಯೇ. ಕರೆಂಟ್ ಸೋರ್ಸನ್ನು ಸೊನ್ನೆ ಮಾಡುವುದೆಂದರೆ ಅಲ್ಲಿ ಕರೆಂಟ್ ಹರಿಯದಂತೆ ಮಾಡುವುದು, ಅಂದರೆ ತಂತಿ ಹಾಕುವುದಲ್ಲ, ದಾರಿಯನ್ನೇ ಕಡಿದು ಓಪನ್ ಬಿಡುವುದು. 12 ವೋಲ್ಟ್ ಒಂದೇ ಇದ್ದಾಗ ಬಲ ಕವಲು ಇಲ್ಲವೇ ಇಲ್ಲ. 12 ಓಮ್‌ಗೆ 12 ವೋಲ್ಟ್, ಲೋಡಿನಲ್ಲಿ 1 ಆಂಪಿಯರ್. ಕರೆಂಟ್ ಸೋರ್ಸ್ ಒಂದೇ ಇದ್ದಾಗ ಅದರ 1 ಆಂಪಿಯರ್ ಎರಡು ಸಮನಾದ 6 ಓಮ್‌ಗಳಲ್ಲಿ ಅರ್ಧರ್ಧ ಹಂಚಿಹೋಗುತ್ತದೆ, ಲೋಡಿಗೆ 0.5. ಒಟ್ಟು 1.5 ಆಂಪಿಯರ್, A ಯಲ್ಲಿ 9 ವೋಲ್ಟ್. ಬಲಗಡೆಯ 3 ಓಮ್ ಲೆಕ್ಕಕ್ಕೇ ಬರಲಿಲ್ಲವೆಂದು ಗಾಬರಿಯಾಗಬೇಡಿ. ಕರೆಂಟ್ ಸೋರ್ಸಿನ ಜೊತೆ ಸರಣಿಯಲ್ಲಿರುವ ರೆಸಿಸ್ಟರ್ ಬೇರೆ ಕವಲುಗಳ ಕರೆಂಟನ್ನು ಬದಲಿಸುವುದಿಲ್ಲ. ಅದನ್ನು ಅಲ್ಲಿ ಇಟ್ಟಿರುವುದೇ ದಾರಿ ತಪ್ಪಿಸಲಿಕ್ಕೆ.

ಓಪನ್ ಮಾಡುವ ಬದಲು ಶಾರ್ಟ್ ಮಾಡಿದವರಿಗೆ ಮೊದಲ ಹಂತದಲ್ಲಿ 0.5 ಬರುತ್ತದೆ, ಒಟ್ಟು 1 ಆಂಪಿಯರ್. ನೋಡಲು ಚೆಂದದ ಉತ್ತರ. ತಾಳೆ ನೋಡಿದರೆ ಮಾತ್ರ ಬಣ್ಣ ಬಯಲಾಗುತ್ತದೆ. ಲೋಡಿನಲ್ಲಿ 1 ಆಂಪಿಯರ್ ಎಂದರೆ A ಯಲ್ಲಿ 6 ವೋಲ್ಟ್, ಎಡದಿಂದ ಬರುವುದು 1 ಆಂಪಿಯರ್, ಸೋರ್ಸಿನಿಂದ ಇನ್ನೂ 1. ಒಳಗೆ ಬಂದದ್ದು 2, ಹೊರಗೆ ಹೋದದ್ದು 1. ಉಳಿದದ್ದು ಎಲ್ಲಿಗೆ ಹೋಯಿತು?

ಮೂರನೆಯ ಲೆಕ್ಕದಲ್ಲಿ ಡಿಪೆಂಡೆಂಟ್ ಸೋರ್ಸ್ ಬರುತ್ತದೆ. ಇದು ತಾನಾಗಿ ನಿಂತ ಬ್ಯಾಟರಿಯಲ್ಲ. ಸರ್ಕ್ಯೂಟಿನ ಇನ್ನೊಂದು ಜಾಗದ ಕರೆಂಟ್ ಎಷ್ಟೋ ಅದಕ್ಕೆ ತಕ್ಕಂತೆ ಇದರ ವೋಲ್ಟೇಜ್. ಟ್ರಾನ್ಸಿಸ್ಟರಿನ ವರ್ತನೆಯನ್ನು ಬರೆಯುವಾಗ ಇಂಥದ್ದೇ ಸೋರ್ಸ್ ಬೇಕಾಗುತ್ತದೆ. ಎಡದಲ್ಲಿ 12 ವೋಲ್ಟ್ ಮತ್ತು 4 ಓಮ್, ಅದರ ಮೂಲಕ A ಗೆ ಬರುವ ಕರೆಂಟ್ i. A ಗೆ 4 ಆಂಪಿಯರ್ ತಳ್ಳುವ ಕರೆಂಟ್ ಸೋರ್ಸ್ ಒಂದು. ಬಲದಲ್ಲಿ 1 ಓಮ್, ಅದರ ಕೆಳಗೆ 3i ವೋಲ್ಟಿನ ಡಿಪೆಂಡೆಂಟ್ ಸೋರ್ಸ್, ಪಾಸಿಟಿವ್ ಮೇಲಕ್ಕೆ. i ಎಷ್ಟು?

ಡಿಪೆಂಡೆಂಟ್ ಸೋರ್ಸನ್ನು ಎಂದೂ ಸೊನ್ನೆ ಮಾಡಕೂಡದು, ಎರಡೂ ಹಂತದಲ್ಲಿ ಅದು ಇದ್ದೇ ಇರುತ್ತದೆ. ಕರೆಂಟ್ ಸೋರ್ಸನ್ನು ಓಪನ್ ಬಿಟ್ಟಾಗ:

12 = 4i + 1i + 3i, ಆದ್ದರಿಂದ i = 1.5

12 ವೋಲ್ಟನ್ನು ತೆಗೆದು ತಂತಿ ಹಾಕಿದಾಗ 1 ಓಮ್‌ನಲ್ಲಿ ಹರಿಯುವುದು i + 4:

0 = 4i + 1(i + 4) + 3i, ಆದ್ದರಿಂದ i = −0.5

ಒಟ್ಟು 1 ಆಂಪಿಯರ್. ತಾಳೆ ನೋಡೋಣ. ಎಡದಿಂದ ಎಣಿಸಿದರೆ A ಯಲ್ಲಿ 12 ರಲ್ಲಿ 4 ಕಳೆದು 8 ವೋಲ್ಟ್. ಬಲದಿಂದ ಎಣಿಸಿದರೆ 1 ಓಮ್‌ನಲ್ಲಿ 5 ಆಂಪಿಯರ್, ಅಂದರೆ 5 ವೋಲ್ಟ್, ಅದಕ್ಕೆ 3i ಯ 3 ಸೇರಿ 8. ಡಿಪೆಂಡೆಂಟ್ ಸೋರ್ಸನ್ನೂ ಶಾರ್ಟ್ ಮಾಡಿಬಿಟ್ಟವರಿಗೆ 2.4 ಮತ್ತು −0.8 ಸೇರಿ 1.6 ಬರುತ್ತದೆ. ಆಗ ಎಡದಿಂದ A ಯಲ್ಲಿ 5.6 ವೋಲ್ಟ್, ಬಲದಿಂದ 10.4. ಒಂದೇ ಚುಕ್ಕೆಗೆ ಎರಡು ವೋಲ್ಟೇಜ್ ಇರಲಾರದು.

ಈ ಉಪಾಯ ಎಲ್ಲಿ ನಿಲ್ಲುತ್ತದೆಂಬುದಕ್ಕೆ ಲೆಕ್ಕ ಬೇಕಿಲ್ಲ, ಒಂದು ಡಯೋಡ್ ಸಾಕು. ಸಿಲಿಕಾನ್ ಡಯೋಡ್ ಸರಿಯಾಗಿ ಕರೆಂಟ್ ಬಿಡಲು ಸುಮಾರು 0.7 ವೋಲ್ಟ್ ಬೇಕು. ಒಂದು ರೆಸಿಸ್ಟರ್, ಒಂದು ಡಯೋಡ್, 0.5 ವೋಲ್ಟಿನ ಎರಡು ಸೋರ್ಸ್, ಎಲ್ಲವೂ ಸರಣಿಯಲ್ಲಿ. ಒಂದೊಂದೇ ಸೋರ್ಸ್ ಇಟ್ಟರೆ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಎರಡನ್ನು ಕೂಡಿಸಿದರೂ ಅಷ್ಟೇ. ಎರಡನ್ನೂ ಒಟ್ಟಿಗೆ ಇಟ್ಟರೆ 1 ವೋಲ್ಟ್, ಕರೆಂಟ್ ಹರಿದೇಬಿಡುತ್ತದೆ. ಡಯೋಡ್ ಕಂಡಲ್ಲಿ ಸೂಪರ್‌ಪೊಸಿಷನ್ ಎಂದು ಬರೆಯಹೋಗಬೇಡಿ.

ಪರೀಕ್ಷೆಯಲ್ಲಿ ಎರಡೇ ಸೋರ್ಸ್ ಇರುವ ಸರ್ಕ್ಯೂಟಿಗೆ ನೋಡ್ ಸಮೀಕರಣ ಒಂದೇ ಏಟಿಗೆ ಉತ್ತರ ಕೊಡುತ್ತದೆ, ಸೂಪರ್‌ಪೊಸಿಷನ್ ಸುತ್ತುದಾರಿ. ಪ್ರಶ್ನೆಯಲ್ಲಿ ‘ಸೂಪರ್‌ಪೊಸಿಷನ್ ಬಳಸಿ’ ಎಂದಿದ್ದರೆ ಮಾತ್ರ ಅದನ್ನು ಹಿಡಿಯಿರಿ, ತಾಳೆಗೆ ನೋಡ್ ಸಮೀಕರಣವನ್ನು ಇಟ್ಟುಕೊಳ್ಳಿ. ಸೂಪರ್‌ಪೊಸಿಷನ್ ಇಲ್ಲದೆ ಆಗದು ಎನ್ನುವುದು ಮುಂದೆ, ಒಂದೇ ಸರ್ಕ್ಯೂಟಿನಲ್ಲಿ ಡಿಸಿ ಮತ್ತು ಎಸಿ, ಇಲ್ಲವೇ ಬೇರೆ ಬೇರೆ ಫ್ರೀಕ್ವೆನ್ಸಿಯ ಸೋರ್ಸ್‌ಗಳು ಬಂದಾಗ. ಕೆಪಾಸಿಟರ್ ಒಂದೊಂದು ಫ್ರೀಕ್ವೆನ್ಸಿಗೆ ಒಂದೊಂದು ಬಗೆಯ ತಡೆ ಒಡ್ಡುವುದರಿಂದ ಅಲ್ಲಿ ಒಂದೊಂದನ್ನೂ ಬೇರೆ ಮಾಡಿಯೇ ಬಿಡಿಸಬೇಕು.

ಇನ್ನೊಂದು ಲೆಕ್ಕವನ್ನು ಬಿಡಿಸದೆ ಬಿಟ್ಟಿದ್ದೇನೆ. ಮೊದಲ ಸರ್ಕ್ಯೂಟಿನ 6 ವೋಲ್ಟ್ ಬ್ಯಾಟರಿಯನ್ನು ತಲೆಕೆಳಗು ಮಾಡಿ, ಪಾಸಿಟಿವ್ ಕೆಳಕ್ಕೆ ಬರಲಿ. ಲೋಡಿನ ಕರೆಂಟ್ ಎಷ್ಟು, ಮೂರು ರೆಸಿಸ್ಟರುಗಳ ಪವರ್ ಎಷ್ಟೆಷ್ಟು ಎಂದು ಕಂಡುಹಿಡಿಯಿರಿ. ಲೋಡಿನ ಕರೆಂಟ್ ಸೊನ್ನೆ ಬಂದರೆ ಅಳಿಸಬೇಡಿ, ಅದೇ ಸರಿ. ಎಡಗಡೆಯ 6 ಓಮ್‌ಗೆ 24 ವ್ಯಾಟ್, ಬಲಗಡೆಯ 3 ಓಮ್‌ಗೆ 12 ವ್ಯಾಟ್ ಬರಬೇಕು.