ದಿನಕ್ಕೆ 200 ಮಿ.ಮೀ. ಮಳೆ, ಚರಂಡಿ ಎಷ್ಟು ದೊಡ್ಡದು ಬೇಕು?

ಕಾಸರಗೋಡು, ಉಪ್ಪಳದಂಥ ಪೇಟೆಗಳಲ್ಲಿ ಇಡೀ ದಿನ ಜಿಟಿಜಿಟಿ ಸುರಿದ ಮಳೆಗೆ ಅಂಗಡಿಯೊಳಗೆ ನೀರು ಬರುವುದಿಲ್ಲ. ಕಾಲು ಗಂಟೆ ಧೋ ಎಂದು ಸುರಿದರೆ ಸಾಕು, ರಸ್ತೆಯೇ ತೋಡು. ಆದ್ದರಿಂದ ಚರಂಡಿಯ ಅಳತೆಗೆ ದಿನದ ಮಳೆಯ ಲೆಕ್ಕ ಸಾಲದು. ಎಷ್ಟು ಹೊತ್ತಿನಲ್ಲಿ ಎಷ್ಟು ಬಿತ್ತು ಎನ್ನುವುದು ಬೇಕು.

ಅದನ್ನು ತೋರಿಸುವುದೇ ಐಡಿಎಫ್ ರೇಖೆ. ಮಳೆ ಸುರಿಯುವ ಅವಧಿ ಹೆಚ್ಚಿದಂತೆ ಅದರ ಸರಾಸರಿ ತೀವ್ರತೆ ಇಳಿಯುತ್ತಾ ಹೋಗುತ್ತದೆ. 2 ವರ್ಷದ ಮಳೆಗೆ ಒಂದು ರೇಖೆ, 5 ವರ್ಷದ್ದಕ್ಕೆ ಅದರ ಮೇಲೆ ಇನ್ನೊಂದು. 5 ವರ್ಷದ ಮಳೆ ಎಂದರೆ ಈ ವರ್ಷ ಬಂದರೆ ಇನ್ನು 5 ವರ್ಷ ಬರುವುದಿಲ್ಲ ಎಂದಲ್ಲ. ಪ್ರತಿ ವರ್ಷವೂ ಅಂಥದ್ದು ಬರುವ ಸಾಧ್ಯತೆ ಶೇ. 20 ಎಂದಷ್ಟೆ.

ಒಂದು ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಪೇಟೆಯ 6 ಹೆಕ್ಟೇರ್, ಅಂದರೆ ಸುಮಾರು 15 ಎಕರೆ ಜಾಗದ ನೀರು ಒಂದೇ ಚರಂಡಿಗೆ ಬರುತ್ತದೆ. ಮಾಡು, ಅಂಗಳದಿಂದ ಚರಂಡಿಗೆ ಇಳಿಯಲು 10 ನಿಮಿಷ, ಅಲ್ಲಿಂದ 450 ಮೀಟರ್ ಹರಿಯಲು 5 ನಿಮಿಷ. 15 ನಿಮಿಷಕ್ಕೆ ದೂರದ ಮೂಲೆಯ ನೀರೂ ಬಾಯಿಗೆ ತಲುಪುತ್ತದೆ. ರೇಖೆಯಲ್ಲಿ ನೋಡಬೇಕಾದ ಅವಧಿ ಅದೇ. ಅದಕ್ಕಿಂತ ಕಡಿಮೆ ಹಿಡಿದರೆ ಎಲ್ಲ ಕಡೆಯ ನೀರು ಇನ್ನೂ ಸೇರಿರುವುದಿಲ್ಲ; ಹೆಚ್ಚು ಹಿಡಿದರೆ ತೀವ್ರತೆ ಇಳಿದಿರುತ್ತದೆ.

2 ವರ್ಷದ ರೇಖೆಯಲ್ಲಿ 15 ನಿಮಿಷಕ್ಕೆ ಗಂಟೆಗೆ 100 ಮಿ.ಮೀ. ತೀವ್ರತೆ ಇದೆ ಎಂದಿಟ್ಟುಕೊಳ್ಳಿ. ಬಿದ್ದ ನೀರಿನಲ್ಲಿ ಶೇ. 70 ಹರಿದು ಬರುತ್ತದೆ. ಆಗ

Q = C × i × A / 360 = 0.7 × 100 × 6 / 360 = 1.17

ಅಂದರೆ ಸೆಕೆಂಡಿಗೆ 1.17 ಘನ ಮೀಟರ್ ನೀರು. ಅದು ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಹರಿದರೆ, 1 ಮೀಟರ್ ಅಗಲದ ಚರಂಡಿಯಲ್ಲಿ ಸುಮಾರು 80 ಸೆಂ.ಮೀ. ಎತ್ತರಕ್ಕೆ ನಿಲ್ಲುತ್ತದೆ. ಇದೇ ಜಾಗಕ್ಕೆ ದಿನಕ್ಕೆ 200 ಮಿ.ಮೀ. ಎಂಬ ಅಂಕಿಯನ್ನು 24 ಗಂಟೆಗೆ ಹಂಚಿ ಲೆಕ್ಕ ಹಾಕಿದರೆ ಸಿಗುವುದು ಬರೇ 0.1 ಘನ ಮೀಟರ್. ಹನ್ನೆರಡರಲ್ಲಿ ಒಂದು ಪಾಲು! ದಿನಕ್ಕೊಮ್ಮೆ ಓದುವ ಮಳೆ ಮಾಪಕವನ್ನೇ ನಂಬಿದರೆ ಆಗುವುದು ಹೀಗೆ.

5 ವರ್ಷದ ರೇಖೆಯಲ್ಲಿ 125 ಮಿ.ಮೀ. ಇದ್ದರೆ 1.46 ಘನ ಮೀಟರ್ ಬರುತ್ತದೆ, ಆಳ ಸುಮಾರು 20 ಸೆಂ.ಮೀ. ಹೆಚ್ಚು ಬೇಕು. ಕಟ್ಟುವಾಗಲೇ ಇಷ್ಟು ಆಳ ಕೊಡುವುದು ಸುಲಭ. ಆಮೇಲೆ ಸ್ಲ್ಯಾಬ್ ಒಡೆದು ಅಗೆಯುವುದು ಕಷ್ಟ.

ಈಗ ನಮ್ಮ ಅಂಗಳದ ವಿಷಯ. ಮನೆ ಮನೆಗೂ ಇಂಟರ್‌ಲಾಕ್ ಹಾಸಿ ಹರಿಯುವ ಪಾಲು ಶೇ. 85ಕ್ಕೆ ಏರಿದರೆ, 2 ವರ್ಷದ ಮಳೆಯೇ 1.42 ಘನ ಮೀಟರ್ ನೀರು ತರುತ್ತದೆ. 5 ವರ್ಷಕ್ಕೆಂದು ಕೊಟ್ಟ ಹೆಚ್ಚುವರಿ ಆಳ ಅಲ್ಲಿಗೆ ಬಹುತೇಕ ಖಾಲಿ.

ಚರಂಡಿ ಉಕ್ಕಿದಾಗಲೆಲ್ಲ ಅದು ಸಣ್ಣದೆಂದು ಹೇಳಲೂ ಬರುವುದಿಲ್ಲ. ರಸ್ತೆಯಲ್ಲಿ ನೀರು ನಿಂತು ಚರಂಡಿ ಅರ್ಧ ಖಾಲಿ ಇದ್ದರೆ ನೀರು ಇಳಿಯುವ ತೂತು ಕಟ್ಟಿದೆ. ಮಳೆ ಕಡಿಮೆಯಾದರೂ ಹೊಳೆಯ ಕಡೆಯಿಂದ ಹಿಂದಕ್ಕೆ ತುಂಬುತ್ತಾ ಬಂದರೆ ಸಮುದ್ರದ ಭರತದ ಹೊತ್ತು ನೋಡಬೇಕು. ಅಲ್ಲಿ ಅಗಲ ಹೆಚ್ಚಿಸಿದರೂ ನೀರಿಗೆ ಹೋಗಲು ದಾರಿ ಇರುವುದಿಲ್ಲ.