ಫೋಟೊ ನಿಜವೇ ಇರಬಹುದು, ಜಾಹೀರಾತು ಮಾತ್ರ ಪಾಸಾಗುವುದಿಲ್ಲ

ತೂಕ ಇಳಿಸುವ ಕಷಾಯದ ಪುಡಿಯೊಂದಕ್ಕೆ ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಕೊಡಬೇಕು ಎಂದಿಟ್ಟುಕೊಳ್ಳಿ. ಮೂವತ್ತು ಸೆಕೆಂಡಿನ ರೀಲ್ಸ್. ಸ್ಕ್ರಿಪ್ಟ್ ಸಾಮಾನ್ಯವಾಗಿ ಹೀಗಿರುತ್ತದೆ:

ಎಡಕ್ಕೆ ಹೊಟ್ಟೆ ಮುಂದೆ ಬಂದ ಹೆಣ್ಣುಮಗಳು, ಬಲಕ್ಕೆ ಅವಳೇ ಸಣ್ಣಗಾಗಿ ನಗುತ್ತಿರುವ ಫೋಟೊ. ಧ್ವನಿ: "ಹೊಟ್ಟೆ ಬಂದು ಸೀರೆ ಉಡೋಕೇ ನಾಚಿಕೆ ಆಗ್ತಿದೆಯಾ? ಹದಿನೈದೇ ದಿನದಲ್ಲಿ ಎಂಟು ಕೆ.ಜಿ. ಇಳಿಸಿ, ನಾನೇ ಸಾಕ್ಷಿ. ಶುಗರ್ ಇರೋರಿಗೂ ರಾಮಬಾಣ. ಇದು ನಮ್ಮೂರ ಓಜೆಂಪಿಕ್. ಕೆಳಗಿನ ಲಿಂಕ್ ಒತ್ತಿ."

ಇಷ್ಟು ಪುಟ್ಟ ಸ್ಕ್ರಿಪ್ಟ್‌ನಲ್ಲಿ ಜಾಹೀರಾತು ನಿಯಮಗಳ ಎದುರು ನಿಲ್ಲುವ ಸಾಲು ಕೊನೆಯದೊಂದೇ. ಚಿತ್ರೀಕರಣಕ್ಕೆ ಮುಂಚೆ ಇದನ್ನು ಗುರುತಿಸಿದರೆ ಒಂದು ಪೆನ್ನಿನ ಗೀಟಿಗೆ ಮುಗಿಯುತ್ತದೆ. ಆಮೇಲೆ ಗುರುತಿಸಿದರೆ ಕ್ಯಾಮೆರಾ, ಎಡಿಟಿಂಗ್, ಕ್ರಿಯೇಟರ್‌ಗೆ ಕೊಟ್ಟ ಹಣ ಎಲ್ಲವೂ ನೀರುಪಾಲು.

ಮೊದಲು ಆ ಜೋಡಿ ಫೋಟೊ. ಇದನ್ನು ತೆಗೆಯಿರಿ ಎಂದರೆ ಬರುವ ಉತ್ತರ ಒಂದೇ: "ಇದು ಎಡಿಟ್ ಮಾಡಿದ್ದಲ್ಲ ಸಾರ್, ನಮ್ಮ ಕಸ್ಟಮರ್‌ದೇ ಫೋಟೊ." ಇರಬಹುದು. ಆದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳನ್ನು ನಡೆಸುವ ಮೆಟಾ ಕಂಪನಿ ಇಲ್ಲಿ ಫೋಟೊದ ಸತ್ಯಾಸತ್ಯತೆ ವಿಚಾರಿಸಲು ಹೋಗುವುದೇ ಇಲ್ಲ. ನೋಡುವವರಿಗೆ ತಮ್ಮ ಮೈ ಬಗ್ಗೆಯೇ ಬೇಸರ ಹುಟ್ಟಿಸಿ ಸರಕು ಮಾರುವಂತಿಲ್ಲ, ಎಲ್ಲರಿಗೂ ಸಿಗಲಾರದ ಫಲಿತಾಂಶವನ್ನು ತೋರಿಸಿ ಆಸೆ ಹುಟ್ಟಿಸುವಂತಿಲ್ಲ ಎನ್ನುವುದು ಅದರ ನಿಯಮದ ತಿರುಳು. ಒಬ್ಬಳಿಗೆ ತೂಕ ಇಳಿದದ್ದು ನಿಜವಾದರೂ ಆ ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟಾಗ ಲಕ್ಷಾಂತರ ಜನರಿಗೆ ತಲುಪುವ ಮಾತು "ನಿನಗೂ ಹೀಗೇ ಆಗುತ್ತದೆ" ಎಂಬುದು. ತಡೆ ಇರುವುದು ಆ ಮಾತಿಗೆ.

ಆದ್ದರಿಂದಲೇ ಜೋಡಿ ಫೋಟೊ ಕಿತ್ತುಹಾಕಿದ ಮಾತ್ರಕ್ಕೆ ತೊಂದರೆ ತಪ್ಪಿತು ಎನ್ನಲಾಗದು. ಹಳೆಯ ಪ್ಯಾಂಟನ್ನು ಸೊಂಟದ ಹತ್ತಿರ ಹಿಡಿದು ಎಷ್ಟು ಸಡಿಲವಾಗಿದೆ ನೋಡಿ ಎನ್ನುವುದು, ಟೇಪು ಸುತ್ತಿ ಇಂಚು ಓದುವುದು, ಹೊಟ್ಟೆಯ ಮಡಿಕೆಯನ್ನು ಚಿವುಟಿ ಕ್ಯಾಮೆರಾ ಹತ್ತಿರಕ್ಕೆ ತರುವುದು, "ಮೂರು ತಿಂಗಳ ಹಿಂದೆ ನಾನು ಹೀಗಿರಲಿಲ್ಲ" ಎಂದು ಬರೀ ಮಾತಿನಲ್ಲಿ ಹೇಳುವುದು, ಇವೆಲ್ಲ ಅದೇ ಜೋಡಿ ಫೋಟೊದ ಬೇರೆ ವೇಷಗಳು. ಸ್ಕ್ರಿಪ್ಟನ್ನು ಪರಿಶೀಲಿಸುವವರು ಹಾಳೆಯಲ್ಲಿ ಎರಡು ಅಂಕಣ ಎಳೆದು ದೃಶ್ಯವನ್ನು ಒಂದು ಕಡೆ, ಧ್ವನಿಯನ್ನು ಇನ್ನೊಂದು ಕಡೆ ಬರೆದುಕೊಳ್ಳುವುದು ಈ ಕಾರಣಕ್ಕೆ. ಬಾಯಲ್ಲಿ ಹೇಳದ್ದನ್ನು ಕೈ ಹೇಳಿಬಿಟ್ಟಿರುತ್ತದೆ.

ಎರಡನೆಯದು ಆ ಪ್ರಶ್ನೆ. "ನಾಚಿಕೆ ಆಗ್ತಿದೆಯಾ?" ಎಂದು ನೇರವಾಗಿ ಕೇಳಿದಾಗ ನೋಡುವವರ ಮೈಕಟ್ಟು ತನಗೆ ಗೊತ್ತಿದೆ ಎಂದು ಜಾಹೀರಾತು ಹೇಳಿದಂತಾಗುತ್ತದೆ. ನೋಡುವವರ ಕಾಯಿಲೆ, ಧರ್ಮ, ವಯಸ್ಸಿನಂಥ ಖಾಸಗಿ ಸಂಗತಿಗಳನ್ನು ಜಾಹೀರಾತು ಹೀಗೆ ಎತ್ತಿ ಆಡಬಾರದು ಎಂದು ಮೆಟಾದಲ್ಲಿ ಪ್ರತ್ಯೇಕ ನಿಯಮವೇ ಇದೆ. "ನಿಮಗೆ ಶುಗರ್ ಇದೆಯಾ?" ಎಂಬ ಪ್ರಶ್ನೆ ಬೀಳುವುದೂ ಇಲ್ಲೇ. ನಮ್ಮ ಕಡೆಯ ಜಾಹೀರಾತುಗಳಿಗೆ ಈ ಪ್ರಶ್ನೆಯ ಚಟ ರೇಡಿಯೊ ಕಾಲದಿಂದಲೂ ಇದೆ, ಬಿಡಿಸುವುದು ಕಷ್ಟ.

"ಹದಿನೈದು ದಿನ, ಎಂಟು ಕೆ.ಜಿ." ಎಂಬುದನ್ನು ಹೆಚ್ಚು ಚರ್ಚಿಸಬೇಕಿಲ್ಲ. ಇಷ್ಟು ದಿನದಲ್ಲಿ ಇಷ್ಟು ಕೆ.ಜಿ. ಎಂಬ ಭರವಸೆಯನ್ನು ಗೂಗಲ್ ಕೂಡ ನಂಬಲಾಗದ ದಾವೆ ಎಂದೇ ಪರಿಗಣಿಸುತ್ತದೆ. ಅದೇ ವಿಡಿಯೊವನ್ನು ಯೂಟ್ಯೂಬ್ ಜಾಹೀರಾತಾಗಿ ಹಾಕಿದರೂ ಗತಿ ಅದೇ.

ಶುಗರಿನ ಸಾಲು ಮಾತ್ರ ಬೇರೆ ಜಾತಿಯದು. ಇಲ್ಲಿ ಕಂಪನಿಯ ನಿಯಮಕ್ಕಿಂತ ಮುಂಚೆ ದೇಶದ ಕಾನೂನು ಎದುರಾಗುತ್ತದೆ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಗೆ ರೋಗಗಳ ಒಂದು ಪಟ್ಟಿ ಇದೆ. ಆ ಪಟ್ಟಿಯಲ್ಲಿರುವ ರೋಗವನ್ನು ಗುಣಪಡಿಸುತ್ತೇವೆ, ತಡೆಯುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವಂತಿಲ್ಲ. ಪಟ್ಟಿಯಲ್ಲಿ ಮಧುಮೇಹವೂ ಇದೆ, ಬೊಜ್ಜೂ ಇದೆ. ಆಯುರ್ವೇದ ಎಂದ ಮಾತ್ರಕ್ಕೆ ವಿನಾಯಿತಿ ಸಿಗದು. ಇನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಅದು ತಯಾರಕರಿಗಷ್ಟೇ ಅಲ್ಲ, "ನಾನೇ ಸಾಕ್ಷಿ" ಎಂದ ಕ್ರಿಯೇಟರ್‌ಗೂ ಅನ್ವಯಿಸುತ್ತದೆ. ಹೇಳುವ ಮುಂಚೆ ತಕ್ಕಷ್ಟು ವಿಚಾರಿಸಿದ್ದೆ ಎಂದು ತೋರಿಸಿದರೆ ಅವರು ಪಾರಾಗಬಹುದು. ಬರೆದುಕೊಟ್ಟದ್ದನ್ನು ಓದಿದೆ ಅಷ್ಟೇ ಎಂಬುದು ವಿಚಾರಿಸಿದಂತಾಗುವುದಿಲ್ಲ.

ಉಳಿದದ್ದು "ನಮ್ಮೂರ ಓಜೆಂಪಿಕ್". ಬರೆದವರಿಗೆ ಇದು ತಮಾಷೆಯ ಸಾಲು. ಓಜೆಂಪಿಕ್ ಎಂಬುದು ಸೆಮಾಗ್ಲುಟೈಡ್ ಇರುವ, ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಚುಚ್ಚುಮದ್ದು. ಇಂಥ ಔಷಧಿಗಳ ಹೆಸರು ಜಾಹೀರಾತಿನಲ್ಲಿ ಬಂದರೂ, ಲಿಂಕ್ ಒತ್ತಿದಾಗ ತೆರೆಯುವ ಪುಟದಲ್ಲಿ ಬಂದರೂ ಗೂಗಲ್ ನಿರ್ಬಂಧ ಹಾಕುತ್ತದೆ. ಅಂಗೀಕೃತ ಔಷಧಿಯ ಹೆಸರನ್ನೇ ಹೋಲುವ ಹೆಸರಿಟ್ಟು ಮಾರುವ ಸರಕಿಗೂ ಅಲ್ಲಿ ಜಾಗವಿಲ್ಲ. ಅಡುಗೆಮನೆಯ ಪುಡಿಯೊಂದು ಒಂದು ಪದದ ದೆಸೆಯಿಂದ ನಿರ್ಬಂಧಿತ ವಸ್ತುಗಳ ಸಾಲಿಗೆ ಸೇರುವುದು ಹೀಗೆ.

ಕೆಲವೊಮ್ಮೆ ಆ ಪದ ಸ್ಕ್ರಿಪ್ಟ್‌ನಲ್ಲಿ ಇರುವುದೇ ಇಲ್ಲ, ಡಬ್ಬಿಯ ಹಿಂಬದಿಯಲ್ಲಿರುತ್ತದೆ. ಪುಡಿಗೆ ಸೋಮಲತೆ ಬೆರೆಸಿದ್ದಾರೆ ಎನ್ನಿ. ಲೇಬಲ್ಲಿನಲ್ಲಿ ಅದರ ಸಸ್ಯಶಾಸ್ತ್ರದ ಹೆಸರು Ephedra gerardiana ಎಂದಿರುತ್ತದೆ. ಎಫೆಡ್ರಾ ಎಂಬುದು ಮೆಟಾ ಮತ್ತು ಗೂಗಲ್ ಎರಡೂ ಹೆಸರಿಸಿ ನಿಷೇಧಿಸಿರುವ ಪದಾರ್ಥ; ತೂಕ ಇಳಿಸುವ ಮಾತ್ರೆಗಳಲ್ಲಿ ಬಳಸಿ ಹೃದಯಕ್ಕೆ ಅಪಾಯವಾದ್ದರಿಂದ ಅಮೆರಿಕ 2004ರಲ್ಲಿ ಅದು ಬೆರೆತ ಆಹಾರ ಪೂರಕಗಳನ್ನೇ ನಿಷೇಧಿಸಿತು. ಸ್ಕ್ರಿಪ್ಟ್ ಎಷ್ಟೇ ತಿದ್ದಿದರೂ ಈ ಡಬ್ಬಿಗೆ ಜಾಹೀರಾತು ಸಿಗುವುದಿಲ್ಲ. ಆದ್ದರಿಂದ ಪರಿಶೀಲನೆ ಶುರುವಾಗಬೇಕಾದ್ದು ಸ್ಕ್ರಿಪ್ಟಿನಿಂದಲ್ಲ, ಡಬ್ಬಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದುವುದರಿಂದ. ಆಮೇಲೆ ಸ್ಕ್ರಿಪ್ಟ್, ಕೊನೆಗೆ ಲಿಂಕ್ ಒತ್ತಿದರೆ ಬರುವ ಪುಟ. ರೀಲ್ಸ್‌ನಲ್ಲಿ ತೆಗೆದ ಜೋಡಿ ಫೋಟೊಗಳು ಹೆಚ್ಚಾಗಿ ಆ ಪುಟದ ಮೇಲ್ಭಾಗದಲ್ಲೇ ಹಾಯಾಗಿ ಕೂತಿರುತ್ತವೆ.

ಸೋಮಲತೆ ಇಲ್ಲದ, ಜೀರಿಗೆ, ಶುಂಠಿ, ತ್ರಿಫಲದ ಪುಡಿಯಾದರೆ ಸ್ಕ್ರಿಪ್ಟ್ ಹೀಗೆ ಬದಲಾಗಬಹುದು. ದೃಶ್ಯ: ಒಲೆಯ ಮೇಲೆ ನೀರು ಕುದಿಯುತ್ತಿದೆ, ಚಮಚದಲ್ಲಿ ಪುಡಿ. ಧ್ವನಿ: "ಬೆಳಗ್ಗೆ ಕಾಫಿಗೆ ಮುಂಚೆ ನಮ್ಮನೇಲಿ ಇದೊಂದು ಲೋಟ. ಜೀರಿಗೆ, ಶುಂಠಿ, ತ್ರಿಫಲ, ಇಷ್ಟೇ. ಸಕ್ಕರೆ ಹಾಕಿಲ್ಲ. ಡಬ್ಬಿ ಮೂವತ್ತು ದಿನಕ್ಕೆ ಬರುತ್ತೆ." ಮೈಕಟ್ಟಿನ ಮಾತಿಲ್ಲ, ರೋಗದ ಮಾತಿಲ್ಲ, ಹೇಳಿದ್ದೆಲ್ಲ ಡಬ್ಬಿ ನೋಡಿ ತಾಳೆ ಹಾಕಬಹುದಾದದ್ದು. ಮಾರಾಟಗಾರರಿಗೆ ಇದು ಸಪ್ಪೆ ಎನಿಸುತ್ತದೆ, ಒಪ್ಪುತ್ತೇನೆ. ತೂಕದ ಮಾತು ಬೇಕೇ ಬೇಕು ಎನ್ನುವವರು ಜಾಹೀರಾತು ಹದಿನೆಂಟು ದಾಟಿದವರಿಗೆ ಮಾತ್ರ ಕಾಣುವಂತೆ ಮೆಟಾದಲ್ಲಿ ವಯಸ್ಸು ಹೊಂದಿಸಬೇಕು. ಕಾಯ್ದೆಯ ಪಟ್ಟಿಯಲ್ಲಿರುವ ಬೊಜ್ಜಿನ ಪ್ರಶ್ನೆ ಆಗಲೂ ಉಳಿದೇ ಇರುತ್ತದೆ.

"ಇದೇ ರೀಲ್ಸ್ ನಮ್ಮ ಪೇಜಲ್ಲಿ ಆರು ತಿಂಗಳಿಂದ ಇದೆಯಲ್ಲ, ಯಾರೂ ಏನೂ ಅಂದಿಲ್ಲ" ಎನ್ನುವವರಿದ್ದಾರೆ. ಪೇಜಿನಲ್ಲಿ ಸುಮ್ಮನೆ ಹಾಕಿದ ಪೋಸ್ಟಿಗೆ ಜಾಹೀರಾತಿನ ನಿಯಮ ತಗಲುವುದಿಲ್ಲ. ಹಣ ಕಟ್ಟಿ ಬೂಸ್ಟ್ ಬಟನ್ ಒತ್ತಿದ ಗಳಿಗೆಯಲ್ಲಿ ಅದು ಜಾಹೀರಾತಾಗುತ್ತದೆ. ಪರಿಶೀಲನೆ ಸಾಮಾನ್ಯವಾಗಿ ಒಂದು ದಿನದೊಳಗೆ ಮುಗಿಯುತ್ತದೆ, ಬಹುಪಾಲು ಯಂತ್ರದಿಂದಲೇ. ಒಮ್ಮೆ ಪಾಸಾದದ್ದು ಓಡುತ್ತಿರುವಾಗಲೇ ಮತ್ತೆ ಪರಿಶೀಲನೆಗೆ ಒಳಪಟ್ಟು ನಿಂತುಹೋಗುವುದೂ ಉಂಟು.

ನಿಂತರೆ Ads Managerನಲ್ಲಿ Rejected ಎಂದು ಬಂದು, ಯಾವ ನಿಯಮ ಮುರಿಯಿತು ಎಂಬುದೂ ಕಾಣುತ್ತದೆ. ಯಂತ್ರ ತಪ್ಪು ಮಾಡಿದೆ ಎನಿಸಿದರೆ ಮರುಪರಿಶೀಲನೆ ಕೇಳಬಹುದು. ಆದರೆ ಹೆಚ್ಚಿನವರು ಮಾಡುವುದು ಬೇರೆ: ಫೋಟೊವನ್ನು ಸ್ವಲ್ಪ ಮಸುಕು ಮಾಡುತ್ತಾರೆ, ಶುಗರ್ ಎಂಬ ಪದದ ನಡುವೆ ಒಂದು ಚುಕ್ಕಿ ಇಡುತ್ತಾರೆ, ಅದೂ ಆಗದಿದ್ದರೆ ತಮ್ಮನ ಹೆಸರಲ್ಲಿ ಹೊಸ ಖಾತೆ ತೆರೆಯುತ್ತಾರೆ. ತಪಾಸಣೆಯ ಕಣ್ಣು ತಪ್ಪಿಸುವುದಕ್ಕೆ ಮೆಟಾ ಮತ್ತು ಗೂಗಲ್ ಎರಡರಲ್ಲೂ ಬೇರೆಯದೇ ನಿಯಮವಿದೆ. ಅದರಡಿ ನಿಲ್ಲುವುದು ಒಂದು ಜಾಹೀರಾತಲ್ಲ, ಇಡೀ ಖಾತೆ; ಅದೇ ಖಾತೆಯಿಂದ ಅಂಗಡಿಯ ಸಾಂಬಾರು ಪುಡಿಗೆ ಕೊಡುತ್ತಿದ್ದ ಜಾಹೀರಾತೂ ಅದರೊಂದಿಗೆ ನಿಂತುಹೋಗುತ್ತದೆ.