ಸೀರಿಯಲ್ ಪರದೆಯ ಮೇಲಿನ ಕಸಕ್ಕೂ ಒಂದು ಲೆಕ್ಕವಿದೆ

8051 ಮೈಕ್ರೋಕಂಟ್ರೋಲರ್ ಇರುವ ಬೋರ್ಡೊಂದನ್ನು ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಮೂಲಕ ಕಂಪ್ಯೂಟರಿಗೆ ಜೋಡಿಸಿದ್ದೀರಿ. ಸ್ವಲ್ಪ ಸ್ವಲ್ಪ ಬಿಡುವು ಕೊಟ್ಟು A ಅಕ್ಷರವನ್ನು ಕಳಿಸುತ್ತಲೇ ಇರು ಎಂದು ಅದಕ್ಕೆ ಪ್ರೋಗ್ರಾಂ ಹಾಕಿದ್ದೀರಿ. ಎರಡೂ ಕಡೆ ವೇಗ 9600 ಬಾಡ್. ಪರದೆಯ ಮೇಲೆ A ಬರಬೇಕಿತ್ತು. ಬಂದದ್ದು ತಲೆಕೆಳಗಾದ ಆಶ್ಚರ್ಯಸೂಚಕ ಚಿಹ್ನೆ, ಸಾಲು ಸಾಲಾಗಿ ಅದೇ. ವೈರ್ ಬದಲಿಸಿ ನೋಡಿದರೂ ಅಷ್ಟೇ, ಪ್ರೋಗ್ರಾಂ ಮತ್ತೆ ಹಾಕಿದರೂ ಅಷ್ಟೇ. ಬೋರ್ಡಿನ ಎಲ್‌ಇಡಿ ಮಾತ್ರ ಹೇಳಿದಂತೆ ಮಿನುಗುತ್ತಿದೆ.

ಇಂಥ ಹೊತ್ತಿನಲ್ಲಿ ಮೊದಲು ಗಮನಿಸಬೇಕಾದದ್ದು, ಬರುತ್ತಿರುವ ಕಸ ಪ್ರತಿ ಸಲವೂ ಒಂದೇ ಆಗಿದೆಯೇ ಎಂಬುದನ್ನು. ಸಡಿಲ ವೈರ್‌ನಿಂದಲೋ ಪಕ್ಕದ ಮೋಟಾರಿನ ಗದ್ದಲದಿಂದಲೋ ಹುಟ್ಟುವ ತಪ್ಪು ಒಂದೊಂದು ಸಲ ಒಂದೊಂದು ಥರ ಇರುತ್ತದೆ. A ಕಳಿಸಿದಾಗಲೆಲ್ಲ ಅದೇ ಒಂದು ಚಿಹ್ನೆ ಬರುತ್ತಿದ್ದರೆ ಅಲ್ಲಿ ಒಂದು ನಿಯಮ ಕೆಲಸ ಮಾಡುತ್ತಿದೆ ಎಂದರ್ಥ. ಆ ನಿಯಮ ಬಹುಪಾಲು ಕಾಲಮಾನಕ್ಕೆ ಸಂಬಂಧಿಸಿದ್ದು.

ಯುಎಆರ್‌ಟಿ ಸಂಪರ್ಕದಲ್ಲಿ ಕಳಿಸುವವನಿಗೂ ಪಡೆಯುವವನಿಗೂ ನಡುವೆ ಗಡಿಯಾರದ ತಂತಿ ಇರುವುದಿಲ್ಲ. ದತ್ತಾಂಶದ ತಂತಿ ಮಾತ್ರ. ಒಂದು ಬಿಟ್ ಎಷ್ಟು ಹೊತ್ತು ಇರಬೇಕು ಎಂಬುದನ್ನು ಇಬ್ಬರೂ ಮೊದಲೇ ಒಪ್ಪಿಕೊಂಡಿರುತ್ತಾರೆ. ಅದೇ ಬಾಡ್ ರೇಟ್. 9600 ಬಾಡ್ ಎಂದರೆ ಪ್ರತಿ ಬಿಟ್‌ಗೆ ಸುಮಾರು 104 ಮೈಕ್ರೋಸೆಕೆಂಡ್. ಸುಮ್ಮನಿದ್ದಾಗ ತಂತಿ ಮೇಲಿನ ಮಟ್ಟದಲ್ಲಿ, ಅಂದರೆ 1ರಲ್ಲಿ ಇರುತ್ತದೆ. ಅಕ್ಷರ ಶುರುವಾಗುವಾಗ ಒಂದು ಬಿಟ್ ಹೊತ್ತು 0ಗೆ ಇಳಿಯುತ್ತದೆ; ಇದು ಸ್ಟಾರ್ಟ್ ಬಿಟ್. ನಂತರ ಎಂಟು ದತ್ತಾಂಶದ ಬಿಟ್‌ಗಳು, ಚಿಕ್ಕ ಬೆಲೆಯದು ಮೊದಲು. ಕೊನೆಗೆ ಮತ್ತೆ 1ರಲ್ಲಿ ನಿಲ್ಲುವ ಸ್ಟಾಪ್ ಬಿಟ್. ಹೀಗೆ ಒಂದು ಅಕ್ಷರಕ್ಕೆ ಹತ್ತು ಬಿಟ್‌ಗಳ ಕಾಲ ಬೇಕು.

ಪಡೆಯುವವನು ಸ್ಟಾರ್ಟ್ ಬಿಟ್‌ನ ಇಳಿತ ಕಂಡ ಕೂಡಲೇ ತನ್ನ ಗಡಿಯಾರದಲ್ಲಿ ಎಣಿಸತೊಡಗುತ್ತಾನೆ ಮತ್ತು ಪ್ರತಿ ಬಿಟ್‌ನ ನಡುಮಧ್ಯದಲ್ಲಿ ತಂತಿಯ ಮಟ್ಟವನ್ನು ಓದುತ್ತಾನೆ. ಸ್ಟಾಪ್ ಬಿಟ್‌ನ ನಡುಭಾಗ ಬರುವುದು ಒಂಬತ್ತೂವರೆ ಬಿಟ್‌ಗಳ ನಂತರ. ಅಷ್ಟರೊಳಗೆ ಇಬ್ಬರ ಎಣಿಕೆಯ ನಡುವೆ ಅರ್ಧ ಬಿಟ್‌ಗಿಂತ ಹೆಚ್ಚು ವ್ಯತ್ಯಾಸ ಬೆಳೆಯಬಾರದು. ಅರ್ಧವನ್ನು ಒಂಬತ್ತೂವರೆಯಿಂದ ಭಾಗಿಸಿದರೆ ಸುಮಾರು ಶೇ. 5.3. ಇದು ಕಾಗದದ ಮೇಲಿನ ಮಿತಿ. ಇಳಿತವನ್ನು ಗುರುತಿಸುವಲ್ಲಿ ಆಗುವ ವಿಳಂಬ, ತಂತಿಯ ಮೇಲೆ ಮಟ್ಟ ಏರಿಳಿಯಲು ಹಿಡಿಯುವ ಹೊತ್ತು ಇವನ್ನೆಲ್ಲ ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಅದನ್ನು ಎರಡೂ ಕಡೆಯವರು ಹಂಚಿಕೊಳ್ಳಬೇಕು. ಹಾಗಾಗಿಯೇ ಒಂದೊಂದು ಕಡೆಯ ತಪ್ಪು ಶೇ. 2 ದಾಟದಂತೆ ನೋಡಿಕೊಳ್ಳುವುದು ಈ ಕೆಲಸ ಮಾಡುವವರ ರೂಢಿ.

ಈಗ ನಮ್ಮ ಬೋರ್ಡಿಗೆ ಬರೋಣ. ಸಾಂಪ್ರದಾಯಿಕ 8051ರಲ್ಲಿ ಕ್ರಿಸ್ಟಲ್‌ನ ಆವೃತ್ತಿಯನ್ನು ಮೊದಲು 12ರಿಂದ, ಆಮೇಲೆ 32ರಿಂದ, ಕೊನೆಗೆ ಟೈಮರ್‌ನಲ್ಲಿ ನಾವು ಇಟ್ಟ ಸಂಖ್ಯೆಯಿಂದ ಭಾಗಿಸಿ ಬಾಡ್ ರೇಟ್ ಹುಟ್ಟಿಸಲಾಗುತ್ತದೆ. ಪಠ್ಯಪುಸ್ತಕಗಳಲ್ಲಿ 9600ಕ್ಕಾಗಿ TH1 ರಿಜಿಸ್ಟರಿಗೆ 0xFD ಹಾಕಿ ಎಂದಿರುತ್ತದೆ. ಅಂದರೆ ಟೈಮರ್ ಮೂರರಿಂದ ಭಾಗಿಸುತ್ತದೆ. ಕ್ರಿಸ್ಟಲ್ 11.0592 ಮೆಗಾಹರ್ಟ್ಸ್ ಆಗಿದ್ದರೆ ಉತ್ತರ ಕರಾರುವಾಕ್ಕಾಗಿ 9600. ಆ ವಿಚಿತ್ರ ಸಂಖ್ಯೆಯ ಕ್ರಿಸ್ಟಲ್ ಮಾರುಕಟ್ಟೆಯಲ್ಲಿ ಇರುವುದೇ ಇದಕ್ಕಾಗಿ. ಅದರ ಜಾಗದಲ್ಲಿ ಯಾರೋ 12 ಮೆಗಾಹರ್ಟ್ಸ್ ಕ್ರಿಸ್ಟಲ್ ಬೆಸುಗೆ ಹಾಕಿದ್ದರೆ ಅದೇ ಭಾಗಾಕಾರದಿಂದ ಬರುವುದು 10,417 ಬಾಡ್. ಶೇ. 8.5ರಷ್ಟು ವೇಗ ಹೆಚ್ಚು. ಒಂದು ಸೆಕೆಂಡಿಗೆ ಮಿನುಗಬೇಕಾದ ಎಲ್‌ಇಡಿ ಶೇ. 8ರಷ್ಟು ಬೇಗ ಮಿನುಗಿದರೆ ಕಣ್ಣಿಗೆ ತಿಳಿಯುವುದಿಲ್ಲ. ಯುಎಆರ್‌ಟಿಗೆ ತಿಳಿಯುತ್ತದೆ.

A ಏಕೆ ಹಾಗೆ ಬದಲಾಯಿತು ಎಂಬುದನ್ನು ಈಗ ಬಿಟ್ ಬಿಟ್ಟಾಗಿ ನೋಡಬಹುದು. ಕಳಿಸುವ ಕ್ರಮದಲ್ಲಿ A ಎಂದರೆ 1 0 0 0 0 0 1 0. ಬೋರ್ಡು ಪ್ರತಿ ಬಿಟ್‌ಗೆ ಕೊಡುತ್ತಿರುವುದು 96 ಮೈಕ್ರೋಸೆಕೆಂಡ್, ಕಂಪ್ಯೂಟರ್ ಎಣಿಸುತ್ತಿರುವುದು 104. ಮೊದಲ ನಾಲ್ಕು ಬಿಟ್‌ಗಳನ್ನು ಓದುವಾಗ ವ್ಯತ್ಯಾಸ ಚಿಕ್ಕದು, ಓದು ಸರಿಯಾಗಿಯೇ ಇರುತ್ತದೆ. ಐದನೆಯದನ್ನು ಅಂಚಿನಲ್ಲಿ ಓದುತ್ತದೆ. ಐದನೆಯದೂ ಆರನೆಯದೂ 0 ಆದ್ದರಿಂದ ಅಪಾಯವಿಲ್ಲ. ಆರನೆಯ ಬಿಟ್ ಓದಲು ಕಂಪ್ಯೂಟರ್ ಸ್ಟಾರ್ಟ್‌ನಿಂದ ಸುಮಾರು 677 ಮೈಕ್ರೋಸೆಕೆಂಡ್ ಕಾಯುತ್ತದೆ. ಆದರೆ 672ಕ್ಕೇ ಬೋರ್ಡು ಆರನೆಯದನ್ನು ಮುಗಿಸಿ ಏಳನೆಯದಕ್ಕೆ ಹೋಗಿಬಿಟ್ಟಿದೆ. ಆರರ ಜಾಗದಲ್ಲಿ ಏಳನೆಯದು, ಏಳರ ಜಾಗದಲ್ಲಿ ಎಂಟನೆಯದು, ಎಂಟರ ಜಾಗದಲ್ಲಿ ಸ್ಟಾಪ್ ಬಿಟ್‌ನ 1 ಬಂದು ಕೂರುತ್ತವೆ. ಓದಿದ್ದು 1 0 0 0 0 1 0 1. ಇದು 0xA1. ಹಳೆಯ ಲ್ಯಾಟಿನ್ ಅಕ್ಷರಪಟ್ಟಿಯಲ್ಲಿ ಆ ಸಂಖ್ಯೆಗೆ ಇರುವುದೇ ತಲೆಕೆಳಗಾದ ಆಶ್ಚರ್ಯಸೂಚಕ.

ಇಲ್ಲಿಂದ ಒಂದು ಉಪಯುಕ್ತ ಸುಳಿವು ಸಿಗುತ್ತದೆ. ಸಾಮಾನ್ಯ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿ ಎಂಟನೆಯ ಬಿಟ್ ಯಾವಾಗಲೂ 0. ಪರದೆಯ ಮೇಲೆ ಬರುವುದೆಲ್ಲ 0x80ಕ್ಕಿಂತ ಮೇಲಿನ ಚಿಹ್ನೆಗಳೇ ಆಗಿದ್ದರೆ, ಕಳಿಸುವವನು ಶೇಕಡಾ ಕೆಲವಂಶ ಅವಸರದಲ್ಲಿದ್ದಾನೆ ಎಂದು ಮೊದಲು ಶಂಕಿಸಬೇಕು. ಇನ್ನೊಂದು ಸುಳಿವು ಬಿಡುವಿಗೆ ಸಂಬಂಧಿಸಿದ್ದು. ವ್ಯತ್ಯಾಸ ಶೇ. 5.5ರ ಆಸುಪಾಸಿನಲ್ಲಿದ್ದರೆ ಎಂಟೂ ಬಿಟ್‌ಗಳ ಓದು ಸರಿಯಾಗಿರುತ್ತದೆ, ಸ್ಟಾಪ್ ಬಿಟ್‌ನದು ಮಾತ್ರ ಜಾರುತ್ತದೆ. ಅಕ್ಷರಗಳ ನಡುವೆ ಬಿಡುವಿದ್ದರೆ ತಂತಿ 1ರಲ್ಲೇ ಇರುವುದರಿಂದ ತಪ್ಪು ಮುಚ್ಚಿಹೋಗುತ್ತದೆ. ಬಿಡುವಿಲ್ಲದೆ ಕಳಿಸಿದರೆ ಸ್ಟಾಪ್ ಬಿಟ್ ಇರಬೇಕಾದ ಕಡೆ ಮುಂದಿನ ಅಕ್ಷರದ ಸ್ಟಾರ್ಟ್ ಬಿಟ್ ಸಿಕ್ಕಿ ಫ್ರೇಮಿಂಗ್ ಎರರ್ ಆಗುತ್ತದೆ. ಒಂದೊಂದೇ ಅಕ್ಷರ ಸರಿಯಾಗಿ ಬಂದು ಉದ್ದ ಸಾಲು ಕೆಟ್ಟುಹೋಗುತ್ತಿದ್ದರೆ ಇದೇ ಕಾರಣವಿರಬಹುದು.

ಶಂಕೆಯನ್ನು ಖಚಿತ ಮಾಡಿಕೊಳ್ಳಲು ಅಳೆಯಬೇಕು. ಅದಕ್ಕೆ ತಕ್ಕ ಅಕ್ಷರ U. ಅದರ ಸಂಕೇತ 0x55. ಸ್ಟಾರ್ಟ್ ಮತ್ತು ಸ್ಟಾಪ್ ಸೇರಿಸಿದರೆ ತಂತಿಯ ಮೇಲೆ 0 1 0 1 ಎಂದು ಹತ್ತೂ ಬಿಟ್‌ಗಳು ಸರದಿಯಲ್ಲಿ ಬರುತ್ತವೆ. ಬಿಡುವಿಲ್ಲದೆ U ಕಳಿಸಿದರೆ ಶುದ್ಧ ಚೌಕಾಕಾರದ ಅಲೆ ಸಿಗುತ್ತದೆ, ಅದರ ಆವೃತ್ತಿ ಬಾಡ್ ರೇಟಿನ ಅರ್ಧ. 8051ಕ್ಕೆ ಇಷ್ಟು ಸಾಕು:

```c
#include <reg51.h>
void main(void) {
    TMOD = 0x20;
    TH1  = 0xFD;
    SCON = 0x50;
    TR1  = 1;
    while (1) {
        SBUF = 'U';
        while (!TI);
        TI = 0;
    }
}
```

ಆಸಿಲೋಸ್ಕೋಪ್ ಇಲ್ಲದಿದ್ದರೂ ಚಿಂತೆಯಿಲ್ಲ. ಆವೃತ್ತಿ ಅಳೆಯುವ ಸೌಲಭ್ಯವಿರುವ ಮಲ್ಟಿಮೀಟರನ್ನು ಚಿಪ್‌ನ ಕಳಿಸುವ ಪಿನ್‌ಗೆ, ಅಂದರೆ ನಲವತ್ತು ಕಾಲಿನ ಚಿಪ್‌ನಲ್ಲಿ 11ನೆಯದಕ್ಕೆ, ಹಿಡಿಯಿರಿ. 4800 ಹರ್ಟ್ಸ್ ಬಂದರೆ ಬೋರ್ಡು ಸರಿ. ನಮ್ಮ ಬೋರ್ಡಿನಲ್ಲಿ ಬರುವುದು ಸುಮಾರು 5208. ಇದನ್ನು 4800ರಿಂದ ಭಾಗಿಸಿದರೆ 1.085. ಹನ್ನೆರಡನ್ನು 11.0592ರಿಂದ ಭಾಗಿಸಿದರೂ ಅದೇ 1.085. ಅಪರಾಧಿ ಸಿಕ್ಕಿತು. ಕ್ರಿಸ್ಟಲ್‌ನ ಲೋಹದ ಮೈಮೇಲೆ ಅಚ್ಚಾಗಿರುವ ಸಂಖ್ಯೆ ಓದಿದರೆ ಸಂಶಯ ಪೂರ್ತಿ ಕಳೆಯುತ್ತದೆ.

ಅಡಾಪ್ಟರ್ ಪರೀಕ್ಷಿಸಲು ಅದರ ಕಳಿಸುವ ಪಿನ್ನನ್ನೂ ಪಡೆಯುವ ಪಿನ್ನನ್ನೂ ಒಂದಕ್ಕೊಂದು ಜೋಡಿಸಿ ನೋಡುವ ಪದ್ಧತಿಯಿದೆ. ಒತ್ತಿದ ಅಕ್ಷರ ಹಾಗೇ ಮರಳಿದರೆ ಅಡಾಪ್ಟರ್ ಜೀವಂತ ಎಂದು ಗೊತ್ತಾಗುತ್ತದೆ, ಅಷ್ಟೇ. ಎರಡೂ ದಿಕ್ಕಿಗೆ ಒಂದೇ ಗಡಿಯಾರ ಇರುವುದರಿಂದ ವೇಗ ಎಷ್ಟು ತಪ್ಪಿದ್ದರೂ ಈ ಪರೀಕ್ಷೆ ಪಾಸಾಗುತ್ತದೆ. ಹಾಗೆಯೇ, ಬೋರ್ಡು ಸುಮ್ಮನಿರುವಾಗ ಅಡಾಪ್ಟರಿಗೆ ಬರುವ ತಂತಿ ಮೇಲಿನ ಮಟ್ಟದಲ್ಲಿದೆಯೇ ಎಂದೂ ನೋಡಬೇಕು. ಆರ್‌ಎಸ್-232 ಸಂಕೇತದಲ್ಲಿ ಮಟ್ಟಗಳು ತಿರುವುಮುರುವು. ಅದನ್ನು ನೇರವಾಗಿ 5 ವೋಲ್ಟಿನ ಅಡಾಪ್ಟರಿಗೆ ಕೊಟ್ಟರೂ ಕಸವೇ ಬರುತ್ತದೆ, ಅಡಾಪ್ಟರ್ ಸುಡುವ ಅಪಾಯವೂ ಉಂಟು. ಈ ಕಸಕ್ಕೆ ಬಾಡ್ ರೇಟ್ ಬದಲಿಸುವುದು ಮದ್ದಲ್ಲ.

ಪರಿಹಾರಕ್ಕೆ ಎರಡು ದಾರಿ. ಸರಿಯಾದದ್ದು ಕ್ರಿಸ್ಟಲ್ ಬದಲಿಸುವುದು. ಬೆಸುಗೆ ಬಿಚ್ಚಲು ಆಗದಿದ್ದರೆ 12 ಮೆಗಾಹರ್ಟ್ಸ್‌ಗೆ ಹೊಂದುವ ವೇಗ ಹುಡುಕಬೇಕು. ಆ ಕ್ರಿಸ್ಟಲ್‌ನಿಂದ 12 ಮತ್ತು 32ರ ಭಾಗಾಕಾರದ ನಂತರ ಸಿಗುವುದು 31,250. ಮೂರರಿಂದ ಭಾಗಿಸಿದರೆ 10,417, ನಾಲ್ಕರಿಂದ ಭಾಗಿಸಿದರೆ 7,812. ನಡುವಿನ 9600 ಸಿಗುವುದಿಲ್ಲ. ಆದರೆ ಹದಿಮೂರರಿಂದ ಭಾಗಿಸಿದರೆ 2404 ಬರುತ್ತದೆ, 2400ಕ್ಕಿಂತ ಶೇ. 0.16 ಮಾತ್ರ ಹೆಚ್ಚು. TH1ಗೆ 0xF3 ಹಾಕಿ, ಕಂಪ್ಯೂಟರಿನಲ್ಲಿ 2400 ಆರಿಸಿದರೆ A ಬಂದರೆ A ಆಗಿಯೇ ಬರುತ್ತದೆ. ವೇಗ ಕಡಿಮೆ, ಓದು ನಿಖರ.

ಇದೇ ಅನುಪಾತದ ಲೆಕ್ಕ ಬೇರೆ ಚಿಪ್‌ಗಳಲ್ಲೂ ಉತ್ತರ ಕೊಡುತ್ತದೆ. ವೈಫೈ ಇರುವ ಇಎಸ್‌ಪಿ8266 ಬೋರ್ಡುಗಳು ಆನ್ ಆದ ಕ್ಷಣ ಒಂದಿಷ್ಟು ಕಸ ಉಗುಳಿ, ಆಮೇಲೆ 115200ರಲ್ಲಿ ಸರಿಯಾದ ಪಠ್ಯ ತೋರಿಸುವುದನ್ನು ಅನೇಕರು ಕಂಡಿರುತ್ತಾರೆ. ಚಿಪ್‌ನೊಳಗೆ ಶಾಶ್ವತವಾಗಿ ಅಚ್ಚಾದ ಪ್ರಾರಂಭಿಕ ಪ್ರೋಗ್ರಾಂ 40 ಮೆಗಾಹರ್ಟ್ಸ್ ಕ್ರಿಸ್ಟಲ್ ಇದೆಯೆಂದು ನಂಬಿ 115200ಕ್ಕೆ ಲೆಕ್ಕ ಹಾಕುತ್ತದೆ. ಹೆಚ್ಚಿನ ಬೋರ್ಡುಗಳಲ್ಲಿ ಇರುವುದು 26 ಮೆಗಾಹರ್ಟ್ಸ್. 115200ನ್ನು 26ರಿಂದ ಗುಣಿಸಿ 40ರಿಂದ ಭಾಗಿಸಿದರೆ 74880. ಕಂಪ್ಯೂಟರಿನಲ್ಲಿ ಆ ವೇಗ ಆರಿಸಿ ಬೋರ್ಡನ್ನು ರೀಸೆಟ್ ಮಾಡಿದರೆ, ಕಸ ಎಂದುಕೊಂಡಿದ್ದದ್ದು ಚಿಪ್ ಏಕೆ ಮರುಪ್ರಾರಂಭವಾಯಿತು ಎಂಬ ವರದಿಯಾಗಿ ಓದಲು ಸಿಗುತ್ತದೆ. ಪದೇ ಪದೇ ರೀಸೆಟ್ ಆಗುವ ಬೋರ್ಡಿನ ಕಾರಣ ಹುಡುಕುವವರಿಗೆ ಆ ಸಾಲುಗಳು ಬಹಳ ಬೇಕಾದವು.

ಹೊಸ ಬೋರ್ಡ್ ಕಟ್ಟುವವರು ಕ್ರಿಸ್ಟಲ್ ಕೊಳ್ಳುವ ಮೊದಲೇ ಈ ಭಾಗಾಕಾರ ಮಾಡಿ ನೋಡುವುದು ಒಳ್ಳೆಯದು. 16 ಮೆಗಾಹರ್ಟ್ಸ್‌ನ ಆರ್ಡುಯಿನೋ ಉನೋ 115200 ಕೇಳಿದಾಗ ನಿಜವಾಗಿ ಕೊಡುವುದು 117,647, ಅಂದರೆ ಶೇ. 2.1 ಹೆಚ್ಚು. ಎದುರಿನವನ ಗಡಿಯಾರ ನಿಖರವಾಗಿದ್ದರೆ ಇದು ನಡೆದುಹೋಗುತ್ತದೆ. ಎದುರಿನವನು ಕ್ರಿಸ್ಟಲ್ ಇಲ್ಲದೆ, ಉಷ್ಣತೆಗೆ ತಕ್ಕಂತೆ ಸರಿಯುವ ಆಂತರಿಕ ಗಡಿಯಾರದ ಮೇಲೆ ಓಡುವ ಚಿಪ್ ಆಗಿದ್ದರೆ, ಮೇಜಿನ ಮೇಲೆ ಸರಿಯಿದ್ದ ಸಂಪರ್ಕ ಬಿಸಿಲಿಗಿಟ್ಟ ಪೆಟ್ಟಿಗೆಯಲ್ಲಿ ಕೆಡಬಹುದು. ಅಂಥ ಕಡೆ ಬಾಡ್ ರೇಟನ್ನು ಬರಿದೇ ಕಡಿಮೆ ಮಾಡಿದರೆ ಗಡಿಯಾರದ ತಪ್ಪು ತಗ್ಗುವುದಿಲ್ಲ. ಶೇ. 5 ತಪ್ಪಿರುವ ಗಡಿಯಾರ 9600ರಲ್ಲೂ 300ರಲ್ಲೂ ಶೇ. 5ರಷ್ಟೇ ತಪ್ಪಿರುತ್ತದೆ. ಕಡಿಮೆ ವೇಗದಿಂದ ಸರಿಹೋಗುವುದು ಭಾಗಾಕಾರದ ಶೇಷ ಮಾತ್ರ. ಗಡಿಯಾರವೇ ತಪ್ಪಿದ್ದರೆ ಅದನ್ನು ತಿದ್ದಬೇಕು, ಇಲ್ಲವೇ ಒಂದು ಕ್ರಿಸ್ಟಲ್ ಹಾಕಬೇಕು.